ಕಟ್ಟೆಗೆ ನೀರು ಬತ್ತದೆ



ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ, ಹೊಗೆಸೊಪ್ಪಿನ ಬ್ಯಾರನ್ನಿನ ನೆರಳಿಗೆ ಚಾಪೆ ಹಾಸಿಕೊಂಡು ಕುಳಿತಿದ್ದ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ತಮ್ಮ ಮುಂದಿರಿಸಿದ್ದ ಧ್ವನಿಗ್ರಾಹಕ ಯಂತ್ರವನ್ನು ಮೊದಮೊದಲು ಸಂಕೋಚದಿಂದ ನೋಡುತ್ತಲೂ, ಬರಬರುತ್ತ ಅದರ ಇರವನ್ನೇ ಮರೆತೂ, ಒಂದೂವರೆ ಗಂಟೆಯ ಕಾಲ ತಮ್ಮ ಬಾಳಿನ ಬೇಸಾಯದ ಕಥೆಯನ್ನು ಹೇಳಿದರು. ಕೇಳಿದವರು ಸಾಕ್ಷ್ಯಚಿತ್ರವೊಂದನ್ನು ತಯಾರಿಸುತ್ತಿದ್ದ ತರುಣರು. ಆ ಧ್ವನಿಯನ್ನು ಅಕ್ಷರಕ್ಕಿಳಿಸಿಕೊಡುವ ಕೆಲಸ ನನ್ನದು. ಅದನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸವನ್ನು ದೂರದ ಊರಿನಲ್ಲಿದ್ದ ಮತ್ತೊಬ್ಬರು ವಹಿಸಿಕೊಂಡಿದ್ದರು. ನಮ್ಮ ಮೂವರ ನಡುವೆ ಆ ಅಜ್ಜಿಯ ಒಂದು ವಾಕ್ಯ ಹೇಗೆ ತಲೆಕೆಳಗಾಯಿತು, ಆಮೇಲೆ ಅದನ್ನು ಹೇಗೆ ಸರಿಪಡಿಸಿದೆವು ಎಂಬುದನ್ನು ಹೇಳಿದರೆ, ಆಡುಮಾತಿನ ಸಂದರ್ಶನಗಳನ್ನು ಬರೆದಿಡುವ ಮತ್ತು ಭಾಷಾಂತರಿಸುವ ವಿದ್ಯೆಯ ಬಹುಭಾಗವನ್ನು ಹೇಳಿದಂತೆಯೇ ಆಗುತ್ತದೆ.

ಊರಿನ ವಿಷಯವಾಗಿ ಎರಡು ಮಾತು. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಹುಣಸೂರಿನ ಮಗ್ಗುಲಲ್ಲಿ ಹರಿದು, ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ಲಕ್ಷ್ಮಣತೀರ್ಥಕ್ಕೆ ಇಲ್ಲಿ ಒಂದು ಅಣೆಕಟ್ಟೆಯುಂಟು. ಊರಿನ ಹೆಸರಿನ ಮೊದಲಿಗೇ ಕಟ್ಟೆಯ ಮಾತಿದೆ. ಅದರ ಮುಂದಿನ ಮಳಲು ಎಂಬುದು ಹಳಗನ್ನಡದಲ್ಲಿ ಮರಳಿಗೆ ಹೆಸರು. ಕಾಲುವೆಯ ನೀರು ಹತ್ತುವ ಗದ್ದೆಗಳಲ್ಲಿ ಭತ್ತವನ್ನೂ, ಮಳೆಯನ್ನೇ ನಂಬಿದ ಕೆಂಪು ಹೊಲಗಳಲ್ಲಿ ಹೊಗೆಸೊಪ್ಪನ್ನೂ ಬೆಳೆಯುವ ಈ ಸೀಮೆಗೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೂ ಈ ಊರಿನಲ್ಲೇ ಇದೆ. ಆದಕಾರಣ ನೀರು, ಭತ್ತ, ಹೊಗೆಸೊಪ್ಪು, ಬೆಂಕಿ ಇವು ನಾಲ್ಕೂ ಇಲ್ಲಿಯ ಮುದುಕರ ಮಾತಿನಲ್ಲಿ ಒಂದನ್ನೊಂದು ಬಿಟ್ಟಿರುವುದಿಲ್ಲ.

ಅಜ್ಜಿ ಹೇಳಿದ ಮಾತು ಇದು. ಅವರ ಉಚ್ಚಾರಣೆಯಲ್ಲೇ ಓದುತ್ತೇನೆ:

“ಕೊಡಗ್ನಲ್ಲಿ ಮಳೆ ಇಡ್ಕಂಡ್ರೆ ಕಟ್ಟೆಗ್ ನೀರ್ ಬತ್ತದೆ ಕನಪ್ಪ. ನೀರ್ ಬಂದ್ರೆ ಬತ್ತ, ಇಲ್ದೆ ಓದ್ರೆ ಒಗೆಸೊಪ್ಪೇಯ. ಒಗೆಸೊಪ್ಪು ಅಂದ್ರೆ ಸುಮ್ಕಲ್ಲ, ರಾತ್ರೆ ಅಗಲು ಬೆಂಕಿ ಕಾಯ್ಬೇಕು. ಸೊಪ್ಪ ಬೇಯ್ಸಿ ಬೇಯ್ಸಿ ನಾವೂ ಬೆಂದೋದ್ವಿ.”

ಈ ಸೀಮೆಯವರಿಗೆ ಇದರಲ್ಲಿ ತೊಡಕೇನೂ ಇಲ್ಲ. ಆದರೆ ನಾನು ಕಾಗದದ ಮೇಲೆ ಬರೆದುಕೊಟ್ಟದ್ದು “ಮಳೆ ಇಡ್ಕಂಡ್ರೆ ಕಟ್ಟೆ ನೀರ್ ಬತ್ತದೆ” ಎಂದು. ‘ಕಟ್ಟೆಗ್’ ಎಂಬಲ್ಲಿಯ ಆ ಅರ್ಧ ಗಕಾರವು ಮುಂದಿನ ನಕಾರದಲ್ಲಿ ಮುಳುಗಿಹೋಗುವಷ್ಟು ಮೆಲ್ಲಗಿತ್ತು. ಮಾತಿನ ಅರ್ಥ ನನಗೆ ಮೊದಲೇ ತಿಳಿದಿದ್ದುದರಿಂದ, ಕಿವಿಯು ಕೇಳದಿದ್ದುದನ್ನು ಮನಸ್ಸು ತುಂಬಿಕೊಂಡು ಮುಂದೆ ಸಾಗಿತು, ಕೈ ಅದನ್ನು ಬರೆಯಲಿಲ್ಲ. ಆ ಕಾಗದವನ್ನು ಧ್ವನಿಯಿಲ್ಲದೆ ಕೈಗೆತ್ತಿಕೊಂಡ ಭಾಷಾಂತರಕಾರರು ಉತ್ತರ ಸೀಮೆಯವರು. ನಿಷ್ಠಾವಂತರು, ಕನ್ನಡವನ್ನು ಚೆನ್ನಾಗಿ ಬಲ್ಲವರು. ಅವರ ಊರಿನಲ್ಲಿ ನೀರು ‘ಬರ್ತೈತಿ’. ‘ಬತ್ತು’ ಎಂಬ ಧಾತುವಿಗೆ ಅವರಿಗೆ ಗೊತ್ತಿದ್ದ ಅರ್ಥ ಇಂಗಿಹೋಗುವುದೊಂದೇ. ಹೀಗಾಗಿ, ಮಳೆ ಹಿಡಿದರೆ ಕಟ್ಟೆಯ ನೀರು ಒಣಗಿಹೋಗುತ್ತದೆ ಎಂಬ ಅಸಂಗತವಾದ ಮಾತು ಇಂಗ್ಲಿಷಿನಲ್ಲಿ ಹುಟ್ಟಿತು. ಅಸಂಗತವೆಂದು ಅವರಿಗೂ ತೋರಿತು. ಮಳೆ ‘ಹಿಡಿದುಕೊಂಡರೆ’ ಎಂದರೆ ಮಳೆ ತಡೆಹಿಡಿದರೆ, ಬಾರದಿದ್ದರೆ, ಎಂದಿರಬಹುದೆಂದು ಊಹಿಸಿ ಅದನ್ನೂ ತಿದ್ದಿದರು. ಈಗ ವಾಕ್ಯ ನೆಟ್ಟಗಾಯಿತು. ಆದರೆ ಅದರ ಹಿಂದೆಯೇ ಬರುವ “ನೀರ್ ಬಂದ್ರೆ ಬತ್ತ” ಎಂಬುದು ಹೊಂದಲಿಲ್ಲ. ಸಂಕಲನಕಾರರು ಆ ತುಣುಕನ್ನು ಕತ್ತರಿಸಿ ತೆಗೆದು, ಅಲ್ಲಿ ಬೇಸಗೆಯ ಒಣಹೊಳೆಯ ಚಿತ್ರವನ್ನು ಕೂಡಿಸಿದರು. ಅರ್ಧ ಅಕ್ಷರದ ಲೋಪದಿಂದ ಒಂದು ವಾಕ್ಯ ಕೆಟ್ಟು, ಆ ವಾಕ್ಯವನ್ನು ಕಾಪಾಡಲು ಮತ್ತೊಂದು ವಾಕ್ಯ ಕೆಟ್ಟು, ಕೊನೆಗೆ ನದಿಯೇ ಬತ್ತಿತು.

ಇಂಥ ತಪ್ಪಿನ ಸ್ವಭಾವವೇ ಹೀಗೆ: ಅದು ಒಡೆದು ಕಾಣಿಸಿಕೊಳ್ಳುವುದಿಲ್ಲ, ತನ್ನ ಸುತ್ತಲಿನ ಮಾತುಗಳನ್ನೆಲ್ಲ ತನಗೆ ಅನುಗುಣವಾಗಿ ತಿದ್ದಿಸಿಕೊಂಡು ಸರಾಗವಾಗಿ ಓದಿಸಿಕೊಳ್ಳುತ್ತದೆ. ಆದುದರಿಂದ ಭಾಷಾಂತರ ಸರಾಗವಾಗಿದೆಯೆಂಬುದು ಅದು ಸರಿಯಾಗಿದೆಯೆಂಬುದಕ್ಕೆ ಪ್ರಮಾಣವಲ್ಲ. ಪ್ರಮಾಣವನ್ನು ಹುಡುಕಬೇಕಾದದ್ದು ಮಾತನಾಡಿದವರ ವ್ಯಾಕರಣದಲ್ಲಿ. ಮೈಸೂರು ಸೀಮೆಯ ಹಳ್ಳಿಯ ಮಾತಿನಲ್ಲಿ ರೇಫದ ಮುಂದೆ ತಕಾರ ಬಂದರೆ ಆ ರೇಫವು ತಕಾರವೇ ಆಗಿ ದ್ವಿತ್ವವಾಗುತ್ತದೆ: ಬರ್ತೀನಿ ಎಂಬುದು ಬತ್ತೀನಿ, ತರ್ತೀನಿ ಎಂಬುದು ತತ್ತೀನಿ, ಇರ್ತದೆ ಎಂಬುದು ಇತ್ತದೆ. ಅಜ್ಜಿಯ ಧ್ವನಿಯನ್ನು ಮತ್ತೆ ಮೊದಲಿನಿಂದ ಕೇಳಿದಾಗ, ಈ ಮೂರು ರೂಪಗಳೂ ಬೇರೆ ಬೇರೆ ಕಡೆ, ಸಂಶಯಕ್ಕೆ ಎಡೆಯಿಲ್ಲದ ಸಂದರ್ಭಗಳಲ್ಲಿ ದೊರೆತುವು. “ಮಗ ಬತ್ತನೆ, ಸೌದೆ ತತ್ತನೆ” ಎಂದು ಒಂದು ಕಡೆ ಹೇಳಿದ್ದರು. ಅಲ್ಲಿ ಮಗನು ಒಣಗುವ ಪ್ರಶ್ನೆಯೇ ಇಲ್ಲ. ಇನ್ನು ನೀರು ಇಂಗುವುದನ್ನು ಹೇಳುವಾಗ ಅವರು ‘ಬತ್ತೋಯ್ತದೆ’ ಎನ್ನುತ್ತಿದ್ದರು, ಅಂದರೆ ‘ಬತ್ತಿಹೋಗುತ್ತದೆ’. ‘ಹೋಗು’ ಎಂಬ ಸಹಾಯಕ ಕ್ರಿಯೆಯನ್ನು ಒಮ್ಮೆಯೂ ಬಿಡಲಿಲ್ಲ. ಮೂರನೆಯ ಸಾಕ್ಷಿ ಆ ಕಳೆದುಹೋದ ಗಕಾರ. ಕಟ್ಟೆಗೆ ಎಂಬುದು ಚತುರ್ಥೀ ವಿಭಕ್ತಿ. ಬರುವುದಕ್ಕೆ ಅದು ಬೇಕು, ಬತ್ತುವುದಕ್ಕೆ ಬೇಡ. ಧ್ವನಿಯನ್ನು ಅರ್ಧ ವೇಗಕ್ಕಿಳಿಸಿ ಕೇಳಿದೆ. ಗಕಾರ ಅಲ್ಲಿತ್ತು.

ಆ ದಿನದಿಂದ ನಾನು ಹಿಡಿದಿರುವ ಕ್ರಮವನ್ನು ಹೇಳುತ್ತೇನೆ. ಧ್ವನಿಯನ್ನು ಮೊದಲ ಸಲ ಕೇಳುವಾಗ ಲೇಖನಿಯನ್ನು ಮುಟ್ಟುವುದಿಲ್ಲ. ಆ ವ್ಯಕ್ತಿಯ ಮಾತಿನ ನಡೆ ಕಿವಿಗೆ ಹತ್ತಬೇಕು. ಎರಡನೆಯ ಸಲ, ಅವರು ಉಸಿರು ತೆಗೆದುಕೊಳ್ಳುವ ಕಡೆಗಳಲ್ಲೇ ಮಾತನ್ನು ತುಂಡರಿಸಿ, ಪ್ರತಿಯೊಂದು ತುಂಡಿನ ಮುಂದೆಯೂ ಅದು ಮುದ್ರಿಕೆಯ ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿನಲ್ಲಿ ಬರುತ್ತದೆಂಬುದನ್ನು ಗುರುತು ಹಾಕುತ್ತೇನೆ. ಮೂರನೆಯ ಸಲ ಬರವಣಿಗೆ. ಒಂದೊಂದು ತುಂಡಿಗೂ ಎರಡು ಸಾಲು: ಮೇಲಿನ ಸಾಲಿನಲ್ಲಿ ಕೇಳಿದ ಹಾಗೆಯೇ “ಕಟ್ಟೆಗ್ ನೀರ್ ಬತ್ತದೆ ಕನಪ್ಪ” ಎಂದೂ, ಅದರ ಕೆಳಗೆ ಪದಕ್ಕೆ ಪದವಾಗಿ “ಕಟ್ಟೆಗೆ ನೀರು ಬರುತ್ತದೆ ಕಣಪ್ಪ” ಎಂದೂ ಬರೆಯುತ್ತೇನೆ. ಕೆಳಗಿನ ಸಾಲು ಅಂದಗೊಳಿಸಿದ ಕನ್ನಡವಲ್ಲ. ಪದಗಳ ಅನುಕ್ರಮ, ಪುನರುಕ್ತಿ, ಅರ್ಧಕ್ಕೆ ನಿಂತ ವಾಕ್ಯ ಎಲ್ಲವೂ ಹಾಗೆಯೇ ಇರತಕ್ಕದ್ದು. ಭಾಷಾಂತರಕಾರರಿಗೆ ಈ ಎರಡು ಸಾಲೂ, ಅವುಗಳ ಜೊತೆಗೆ ಧ್ವನಿಯೂ ಹೋಗಬೇಕು. ಧ್ವನಿಯಿಲ್ಲದೆ ಕಾಗದವನ್ನು ಮಾತ್ರ ಕಳುಹಿಸುವುದು ಈ ವೃತ್ತಿಯಲ್ಲಿ ನಡೆಯುವ ಅತಿ ದೊಡ್ಡ ತಪ್ಪೆಂದು ನನ್ನ ನಿಶ್ಚಿತವಾದ ಅಭಿಪ್ರಾಯ. ಹೀಗೆ ಮಾಡಿದರೆ ಒಂದು ಗಂಟೆಯ ಮಾತಿಗೆ ನನಗೆ ಎಂಟು, ಒಂಬತ್ತು ಗಂಟೆಯ ಕೆಲಸವಾಗುತ್ತದೆ. ಗದ್ದಲವಿದ್ದರೆ, ಇಬ್ಬರು ಒಟ್ಟಿಗೆ ಮಾತನಾಡಿದ್ದರೆ, ಇನ್ನೂ ಹೆಚ್ಚು.

ಇಷ್ಟು ಶ್ರಮವೇಕೆ, ನೇರವಾಗಿ ಗ್ರಂಥಸ್ಥ ಕನ್ನಡದಲ್ಲೇ ಬರೆದುಬಿಟ್ಟರೆ ಓದುವವರಿಗೂ ಸುಲಭವಲ್ಲವೆ ಎಂದು ಕೇಳುವವರುಂಟು. ಅವರಿಗೆ ಅದೇ ಅಜ್ಜಿಯ ಮಾತಿನಿಂದಲೇ ಉತ್ತರ ಕೊಡಬಲ್ಲೆ. ಸಂದರ್ಶನದ ಮೊದಲ ಹತ್ತು ನಿಮಿಷಗಳಲ್ಲಿ ಅವರು ಹೊಗೆಸೊಪ್ಪು, ಹಗಲು, ಹೊಲ ಎಂದು ಹಕಾರವನ್ನು ಜೋಪಾನವಾಗಿ ನುಡಿಯುತ್ತಿದ್ದರು. ಪ್ರಶ್ನೆ ಕೇಳುತ್ತಿದ್ದ ತರುಣನನ್ನು ‘ಬುದ್ದಿ’ ಎಂದು ಕರೆಯುತ್ತಿದ್ದರು. ಹಿಂದೆ ಒಡೆಯರ ಮುಂದೆ, ಅಮಲ್ದಾರರ ಮುಂದೆ ನಿಂತು ಮಾತನಾಡುವಾಗ ಬಳಸುತ್ತಿದ್ದ ಸಂಬೋಧನೆ ಅದು. ಕಾಲು ಗಂಟೆ ಕಳೆಯುವ ಹೊತ್ತಿಗೆ ‘ಬುದ್ದಿ’ ಹೋಗಿ ‘ಕನಪ್ಪ’ ಬಂದಿತ್ತು. ಅದರೊಡನೆ ಹಕಾರವೂ ಮೆಲ್ಲಗೆ ಸಡಿಲವಾಗಿ ಒಗೆಸೊಪ್ಪು, ಅಗಲು, ಒಲ ಎಂದು ಮಾತು ತನ್ನ ಸ್ವಂತ ಹಾದಿಗೆ ಇಳಿದಿತ್ತು. ಗಂಡನ ಸಾವಿನ ಮಾತು ಬಂದಾಗ ಅದೇ ತರುಣನನ್ನು ‘ಮಗ’ ಎಂದರು. ಒಡೆಯನಿಂದ ಮಗನವರೆಗೆ ಆ ಅಪರಿಚಿತನು ಒಂದೂವರೆ ಗಂಟೆಯಲ್ಲಿ ನಡೆದುಬಂದ ದಾರಿಯೆಲ್ಲ ಈ ಮೂರು ಸಂಬೋಧನೆಗಳಲ್ಲಿದೆ, ಬಂದು ಹೋದ ಒಂದು ಹಕಾರದಲ್ಲಿದೆ. ಗ್ರಂಥಸ್ಥ ಕನ್ನಡದಲ್ಲಿ ಬರೆದಿದ್ದರೆ ಹಕಾರವು ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾಗಿರುತ್ತಿತ್ತು. ಇನ್ನು ಇಂಗ್ಲಿಷಿನ ಮೊದಲ ಪ್ರತಿಯಲ್ಲಿ ಸಂಬೋಧನೆಗಳೆಲ್ಲ ಸ್ಥಳ ಸಾಲದೆಂದು ಬಿಟ್ಟುಹೋಗಿದ್ದುವು.

ಹಾಗೆಂದು ಮಾತಿನ ಬಣ್ಣವನ್ನು ಗಾಢಮಾಡುವುದೂ ಸಲ್ಲದು. ಕೆಲವರು ಹಳ್ಳಿಯವರು ಬಾಯಿ ತೆರೆದರೆ ಸಾಕು, ಇದ್ದ ಹಕಾರವನ್ನೂ ಕಿತ್ತು ಬರೆಯುತ್ತಾರೆ. ಅದಕ್ಕಿಂತಲೂ ಸೂಕ್ಷ್ಮವಾದ ಒಂದು ಅನ್ಯಾಯವಿದೆ. ಪ್ರಶ್ನೆ ಕೇಳಿದವನ ಮಾತನ್ನು “ನೀವು ಯಾವ ಬೆಳೆಯನ್ನು ಬೆಳೆಯುತ್ತೀರಿ?” ಎಂದು ಮಡಿಮಾಡಿ ಬರೆದು, ಉತ್ತರ ಕೊಟ್ಟವರ ಮಾತನ್ನು ಮಾತ್ರ ಉಚ್ಚಾರಣೆಯಂತೆ ಬರೆಯುವುದು. ಧ್ವನಿಯನ್ನು ಕೇಳಿ ನೋಡಿದರೆ ಆತನೂ “ಏನ್ ಬೆಳಿತೀರ?” ಎಂದೇ ಕೇಳಿರುತ್ತಾನೆ. ಒಂದೇ ಪುಟದಲ್ಲಿ ಎರಡು ಅಳತೆಗೋಲುಗಳಿದ್ದರೆ, ಓದುವವರಿಗೆ ಒಬ್ಬರು ವಿದ್ಯಾವಂತರಾಗಿಯೂ ಇನ್ನೊಬ್ಬರು ತಪ್ಪು ಮಾತನಾಡುವವರಾಗಿಯೂ ಕಾಣುತ್ತಾರೆ. ಇಬ್ಬರ ಮಾತನ್ನೂ ಕೇಳಿದಂತೆ ಬರೆಯಿರಿ. ಇಲ್ಲವಾದರೆ ಇಬ್ಬರ ಮಾತನ್ನೂ ತಿದ್ದಿ ಬರೆಯಿರಿ.

ಈಗ ಭಾಷಾಂತರದ ಮಾತಿಗೆ ಬರೋಣ. “ಸೊಪ್ಪ ಬೇಯ್ಸಿ ಬೇಯ್ಸಿ ನಾವೂ ಬೆಂದೋದ್ವಿ.” ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಹದಗೊಳಿಸುವುದಕ್ಕೆ ‘ಬೇಯಿಸುವುದು’ ಎಂದೇ ಹೆಸರು. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಕಡ್ಡಿಗಳಿಗೆ ದಾರದಿಂದ ಕಟ್ಟಿ, ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಹೊರಗಿನ ಒಲೆಯಲ್ಲಿ ಸೌದೆಯುರಿಸಿ, ಆ ಶಾಖವನ್ನು ಒಳಗಿನ ತಗಡಿನ ಕೊಳವೆಗಳಲ್ಲಿ ಹಾಯಿಸುತ್ತಾರೆ. ಮೊದಲು ಎಲೆ ಹಳದಿಗೆ ತಿರುಗುವವರೆಗೆ ಮೆಲ್ಲನೆಯ ಶಾಖ, ಆಮೇಲೆ ಎಲೆ ಒಣಗಲು ಇನ್ನಷ್ಟು, ಕಡೆಗೆ ನಡುನರವು ಒಣಗಲು ಸುಮಾರು ಎಪ್ಪತ್ತು ಡಿಗ್ರಿಯವರೆಗೆ; ಒಟ್ಟು ಐದಾರು ದಿನ. ಶಾಖ ಬೇಗನೆ ಏರಿದರೂ ಕೆಟ್ಟಿತು, ನಡುವೆ ಇಳಿದರೂ ಕೆಟ್ಟಿತು. ಆದ್ದರಿಂದ ರಾತ್ರಿಯೆಲ್ಲ ಯಾರಾದರೊಬ್ಬರು ಒಲೆಯ ಮುಂದೆ ಕುಳಿತಿರಲೇಬೇಕು.

ಇಂಗ್ಲಿಷಿನಲ್ಲಿ ಈ ಕ್ರಿಯೆಗೆ ‘ಕ್ಯೂರ್’ ಎಂಬ ಪಾರಿಭಾಷಿಕ ಪದವಿದೆ. ವ್ಯಾಪಾರದ ಕಾಗದಪತ್ರಗಳಲ್ಲೆಲ್ಲ ಅದೇ. ಮೊದಲ ಭಾಷಾಂತರದಲ್ಲಿಯೂ ಅದೇ ಬಂದಿತ್ತು, ಬಂದುದು ತಪ್ಪೂ ಅಲ್ಲ. ಆದರೆ ಅಜ್ಜಿಯ ವಾಕ್ಯದ ಎರಡನೆಯ ಅರ್ಧಕ್ಕೆ ಬಂದಾಗ ಆ ಪದ ಕೈಬಿಡುತ್ತದೆ. ಸೊಪ್ಪನ್ನು ‘ಕ್ಯೂರ್’ ಮಾಡಿ ಮಾಡಿ ನಾವೂ ‘ಕ್ಯೂರ್’ ಆದೆವು ಎಂದರೆ ಇಂಗ್ಲಿಷ್ ಓದುಗನಿಗೆ ರೋಗ ವಾಸಿಯಾದಂತೆ ಕೇಳುತ್ತದೆ. ಭಾಷಾಂತರಕಾರರು ಈ ಇಕ್ಕಟ್ಟನ್ನು ಕಂಡು, ನಾವು ಬಹಳ ದಣಿದೆವು ಎಂದು ಬರೆದಿದ್ದರು. ಅರ್ಥ ಉಳಿಯಿತು, ಅಜ್ಜಿ ಉಳಿಯಲಿಲ್ಲ. ಸೊಪ್ಪಿಗೂ ತಮಗೂ ಒಂದೇ ಕ್ರಿಯಾಪದವನ್ನು ಹೊಂದಿಸಿ ಹೇಳಿದ್ದು ಅವರ ಪ್ರತಿಭೆ; ಬೆಂಕಿಯ ಮುಂದೆ ಕಳೆದ ನಲವತ್ತು ಮಳೆಗಾಲಗಳನ್ನು ಅವರು ಆ ಒಂದು ಪದದಲ್ಲಿ ಕೂಡಿಟ್ಟಿದ್ದರು. ‘ಕುಕ್’ ಎಂದರೆ ಅಡಿಗೆಯ ವಾಸನೆ ಹೊಡೆಯುತ್ತದೆ. ಕಡೆಗೆ ನಾವಿಬ್ಬರೂ ಸೇರಿ ಆರಿಸಿದ್ದು ‘ಬೇಕ್’ ಎಂಬ ಪದ, ಗೂಡೊಲೆಯ ಒಣಶಾಖದಲ್ಲಿ ಸುಡುವುದು. ಆ ಭಾಷೆಯಲ್ಲಿ ಬಿಸಿಲಲ್ಲಿ ಬೆಂದ ಮನುಷ್ಯನಿಗೂ ಅದು ಸಲ್ಲುತ್ತದೆ. ‘ಬೇಯ್ಸಿ ಬೇಯ್ಸಿ’ ಎಂಬ ದ್ವಿರುಕ್ತಿಯನ್ನೂ ಬಿಡದೆ ಎರಡು ಸಲ ಬರೆದೆವು. ಈ ಒಂದು ಮಾತಿಗಾಗಿ ಚಿತ್ರದ ಮೊದಲ ಭಾಗದಲ್ಲಿದ್ದ ‘ಕ್ಯೂರ್’ಗಳನ್ನೂ ತೆಗೆದು, ಎಲ್ಲ ಕಡೆಯೂ ‘ಬೇಕ್’ ಎಂದೇ ಮಾಡಬೇಕಾಯಿತು. ಏಕೆಂದರೆ ಆ ಪದವು ಪ್ರೇಕ್ಷಕರಿಗೆ ಮೊದಲೇ ಪರಿಚಿತವಾಗಿರದೆ ಇದ್ದರೆ ಅಜ್ಜಿಯ ಮಾತಿನ ಚಮತ್ಕಾರ ಹತ್ತುವುದಿಲ್ಲ.

ಪರದೆಯ ಕೆಳಗೆ ಬರುವ ಬರಹಕ್ಕೆ ಸ್ಥಳದ ಅಭಾವ ಬೇರೆ. ಸಾಮಾನ್ಯವಾಗಿ ಎರಡು ಸಾಲು, ಸಾಲಿಗೆ ನಲವತ್ತು ಅಕ್ಷರಗಳ ಆಸುಪಾಸು, ಆರೇಳು ಸೆಕೆಂಡು. ಅದಕ್ಕೆ ಮೀರಿದರೆ ಓದುವ ಕಣ್ಣು ಮುಖವನ್ನು ನೋಡಲಾರದು. ಏನನ್ನಾದರೂ ಬಿಡಲೇಬೇಕು. ಬಿಡುವಾಗ ಭಾಷಾಂತರಕಾರರು ಮೊದಲು ಕೈಹಾಕುವುದು ಸಂಬೋಧನೆಗಳಿಗೂ, ‘ಅಂತೆ’ ಎಂಬ ಚಿಕ್ಕ ಪದಕ್ಕೂ. ಸಂಬೋಧನೆಯ ವಿಷಯವನ್ನು ಹೇಳಿದ್ದಾಯಿತು. ‘ಅಂತೆ’ಯನ್ನಂತೂ ಬಿಡಲೇಕೂಡದೆಂದು ನಾನು ಜಗಳವಾಡುತ್ತೇನೆ. “ನೀರಿನ್ ಇಚಾರ್ಕೆ ಒಡ್ದಾಡಿದ್ರಂತೆ” ಎಂದು ಅಜ್ಜಿ ಒಂದು ಹಳೆಯ ಕಾಲುವೆಯ ಜಗಳದ ಮಾತನ್ನು ಹೇಳಿದರು. ತಾವು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ಕನ್ನಡವು ಆ ಎರಡಕ್ಷರದಲ್ಲಿ ಎಷ್ಟು ಖಚಿತವಾಗಿ ಹೇಳುತ್ತದೆ! ಅದನ್ನು ಬಿಟ್ಟು ಹೊಡೆದಾಡಿದರು ಎಂದು ಮಾತ್ರ ಬರೆದರೆ, ಅಜ್ಜಿ ಇಡೀ ಊರಿನ ಮುಂದೆ ಆ ಜಗಳದ ಕಣ್ಣಾರೆ ಕಂಡ ಸಾಕ್ಷಿಯಾಗುತ್ತಾರೆ. ಹೊಡೆದಾಡಿದವರ ಮನೆತನದವರು ಇಂದಿಗೂ ಎದುರುಬೀದಿಯಲ್ಲಿದ್ದಾರೆ. ಪರದೆಯ ಸಾಲು ಹತ್ತಕ್ಷರ ಉದ್ದವಾದರೂ ಚಿಂತೆಯಿಲ್ಲ, ಅಂತೆ ಎಂಬುದಕ್ಕೆ ಸಮನಾದ ಮಾತು ಅಲ್ಲಿರಬೇಕು.

ಕಾಲದ ಲೆಕ್ಕದಲ್ಲಿಯೂ ಇದೇ ಎಚ್ಚರ ಬೇಕು. “ಅರಾಜು ಬರಕ್ ಮುಂಚೆ” ಎಂಬುದು ಅವರ ಶಕೆ. ಕರ್ನಾಟಕದಲ್ಲಿ ಹೊಗೆಸೊಪ್ಪಿನ ಹರಾಜು ಪದ್ಧತಿ ಆರಂಭವಾದದ್ದು 1984ರಲ್ಲಿ. ಆದುದರಿಂದ ಅವರು ಹೇಳಿದ ಕಾಲವನ್ನು ನಾವು ಗೊತ್ತುಮಾಡಬಹುದು. ಆದರೆ ಆ ಇಸವಿಯನ್ನು ಅವರ ಬಾಯಲ್ಲಿ ಇಡುವ ಅಧಿಕಾರ ನಮಗಿಲ್ಲ. ಕಂಪೆನಿಯವರು ಹೇಳಿದ ಬೆಲೆಗೆ ಕೊಡುತ್ತಿದ್ದ ಕಾಲ ಒಂದು, ಬೇಲುಗಳನ್ನು ಸಾಲಾಗಿಟ್ಟು ಹರಾಜು ಹಾಕುವ ಕಾಲ ಇನ್ನೊಂದು. ಅವರ ಜೀವನ ಇಬ್ಭಾಗವಾಗಿರುವುದು ಅಲ್ಲಿ. ಇಸವಿ ಬೇಕಾದರೆ ಅಡಿಟಿಪ್ಪಣಿಗೆ ಹೋಗಲಿ.

ಆಡುಮಾತನ್ನು ದಾಖಲಿಸುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. ಗ್ರಿಯರ್ಸನ್ ಮಹಾಶಯರ ಭಾಷಾ ಸಮೀಕ್ಷೆಯ ದ್ರಾವಿಡ ಭಾಷೆಗಳ ಸಂಪುಟ 1906ರಲ್ಲಿ ಪ್ರಕಟವಾಯಿತು. ಎಲ್ಲ ಭಾಷೆಗಳಿಗೂ ಅವರು ಇಟ್ಟುಕೊಂಡ ಮುಖ್ಯ ಮಾದರಿ ಬೈಬಲ್ಲಿನ ದುಂದುಗಾರ ಮಗನ ಕಥೆ. ಒಂದೇ ಕಥೆಯನ್ನು ಎಲ್ಲರಿಂದಲೂ ಅವರವರ ಮಾತಿನಲ್ಲಿ ಹೇಳಿಸಿದ್ದರಿಂದ ರೂಪಗಳನ್ನು ಹೋಲಿಸುವುದು ಸಾಧ್ಯವಾಯಿತು. ಆದರೆ ಆ ಕಥೆಯಲ್ಲಿ ಯಾರೊಬ್ಬರೂ ತಾವು ಹೇಳಬೇಕೆಂದಿದ್ದುದನ್ನು ಹೇಳಲಿಲ್ಲ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನವರು ಕನ್ನಡದ ಉಪಭಾಷೆಗಳ ವರ್ಣನೆಗೆ ಕೈಹಾಕಿದಾಗ, ಯು. ಪಿ. ಉಪಾಧ್ಯಾಯರು 1968ರಲ್ಲಿ ನಮ್ಮ ನೆರೆಯ ನಂಜನಗೂಡಿನ ಒಕ್ಕಲಿಗರ ಕನ್ನಡವನ್ನೂ, ಆಮೇಲೆ ಕೊಡಗಿನ ಜೇನುಕುರುಬರ ನುಡಿಯನ್ನೂ ಕುರಿತು ಬರೆದರು. ನನ್ನಂಥವರು ಬತ್ತದೆ, ಇತ್ತದೆಗಳ ಹಿಂದಿನ ನಿಯಮವನ್ನು ಹುಡುಕಬೇಕಾದಾಗ ಮೊರೆಹೋಗುವುದು ಇಂಥ ಪುಸ್ತಕಗಳನ್ನು. ನಂಜನಗೂಡು ಸೀಮೆಯ ಮಾತನ್ನೇ ಗದ್ಯಕ್ಕೆ ತಂದ ದೇವನೂರ ಮಹಾದೇವರ ಕುಸುಮಬಾಲೆ ಬಂದಾಗ, ಓದಲು ಕಷ್ಟವೆಂದು ಹೇಳಿದವರ ಪೈಕಿ ನನ್ನ ಕೆಲವು ಮಿತ್ರರೂ ಇದ್ದರು. ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆ ಅವರು ಹಾಗೆನ್ನಲಿಲ್ಲ. ಆದುದರಿಂದ, ಮೈಸೂರಿನ ಅಜ್ಜಿಯ ಮಾತಿಗೆ ಕಲಬುರಗಿಯ ಪ್ರೇಕ್ಷಕರಿಗಾಗಿ ಕನ್ನಡದಲ್ಲೇ ಅಡಿಬರಹ ಹಾಕುವಾಗ ಅದನ್ನು ಗ್ರಂಥಸ್ಥ ಭಾಷೆಗೆ ತಿರುಗಿಸುವುದು ನನಗೆ ಒಪ್ಪಿಗೆಯಿಲ್ಲ. ಆಡಿದಂತೆಯೇ ಬರೆಯಿರಿ, ಕಿವಿ ಕಣ್ಣಿಗೆ ಸಹಾಯ ಮಾಡುತ್ತದೆ. ‘ಬತ್ತದೆ’ಯಂಥ ಒಂದೆರಡು ಕಡೆ ಮಾತ್ರ ಅರ್ಥವನ್ನು ಪಕ್ಕದಲ್ಲಿ ಕೊಟ್ಟರೆ ಸಾಕು.

ಜೇನುಕುರುಬರ ಹೆಸರು ಬಂದುದರಿಂದ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಹುಣಸೂರು, ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಚಿತ್ರ ತೆಗೆಯುವವರಿಗೆ ಅಲ್ಲಿಯ ಹಿರಿಯರು ಉತ್ತರ ಕೊಡುವುದು ಸಾಮಾನ್ಯವಾಗಿ ಹೊರಗಿನವರಿಗೆ ತಿಳಿಯುವ ಕನ್ನಡದಲ್ಲಿ. ತಮ್ಮತಮ್ಮೊಳಗೆ ಆಡುವುದು ತಮ್ಮ ನುಡಿಯಲ್ಲಿ. ಅಂದರೆ ಕ್ಯಾಮೆರಾದ ಮುಂದಿನ ಆ ಉತ್ತರವೇ ಒಂದು ಭಾಷಾಂತರ, ಅದನ್ನು ಮಾಡಿದವರು ಮಾತನಾಡಿದವರೇ. ಅವರು ತಡೆದು ತಡೆದು ಹೇಳಿದ ಕನ್ನಡವನ್ನು ಅವರ ಸಹಜ ಧ್ವನಿಯೆಂದು ತಿಳಿದು, ಮಿತಭಾಷಿಗಳೆಂದು ಬರೆದುಬಿಡುವುದನ್ನು ಕಂಡಿದ್ದೇನೆ. ಪಕ್ಕದಲ್ಲಿ ಕುಳಿತ ಮಗಳಿಗೆ ಅವರು ಏನೆಂದರು ಎಂಬುದೂ ಮುದ್ರಿಕೆಯಲ್ಲಿರುತ್ತದೆ. ಅದನ್ನು ಬಿಡಬಾರದು, ಆ ನುಡಿ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಬರೆಯಬೇಕು.

ತಿದ್ದಿದ ಪ್ರತಿಯನ್ನು ಹಿಡಿದುಕೊಂಡು ನಾನು ಕಟ್ಟೆಮಳಲವಾಡಿಗೆ ಹೋದದ್ದು ಮಾರನೆಯ ವರ್ಷದ ಆಷಾಢದಲ್ಲಿ. ಧ್ವನಿಯನ್ನು ಹಾಕಿ, ನಡುನಡುವೆ ನಿಲ್ಲಿಸಿ, ಅವರು ಹೇಳಿದ್ದನ್ನು ನಾನು ಬರೆದುಕೊಂಡಂತೆ ಓದಿ ಹೇಳಿದೆ. ಮಾತನಾಡಿದವರ ಮುಂದೆ ಓದದೆ ಯಾವ ಪ್ರತಿಯನ್ನೂ ಮುಗಿಯಿತೆನ್ನಬಾರದು. ಅಜ್ಜಿ ಎರಡು ಕಡೆ ತಿದ್ದಿದರು. “ಅವ್ರು ಬಂದ್ರು” ಎಂದಿದ್ದುದನ್ನು ನಾನು ಅಧಿಕಾರಿಗಳೆಂದು ಗುರುತು ಹಾಕಿಕೊಂಡಿದ್ದೆ; ಅದು ಅವರ ಗಂಡ. ಹೆಸರು ಹಿಡಿದು ಹೇಳದೆ ‘ಅವ್ರು’ ಎಂದಿದ್ದರು. ಇನ್ನೊಂದು ಕಡೆ ಅಳಿಯನನ್ನು ಕುರಿತು ಆಡಿದ ಒಂದು ಮಾತನ್ನು ಚಿತ್ರದಲ್ಲಿ ಹಾಕಬೇಡವೆಂದರು. ಹಾಕಲಿಲ್ಲ.

ಒಂದು ಕಡೆ ಮಾತ್ರ ಏನೂ ಮಾಡಲಾಗಲಿಲ್ಲ. ಎಲೆಯನ್ನು ಕಡ್ಡಿಗೆ ಕಟ್ಟುವ ಬಗೆಯನ್ನು ವಿವರಿಸುವಾಗ, ಹಳೆಯ ಕಾಲದ ಒಂದು ಗಂಟಿನ ಹೆಸರನ್ನು ಅವರು ಹೇಳುತ್ತಾರೆ. ಸರಿಯಾಗಿ ಅದೇ ಗಳಿಗೆಯಲ್ಲಿ ಹಿತ್ತಲಿನ ಹುಂಜ ಕೂಗಿದೆ. ಮೂರು ಸಲ ಹಾಕಿ ಕೇಳಿಸಿದೆ. ಅಜ್ಜಿ ಕೈಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ಗಂಟನ್ನು ಹಾಕಿ ತೋರಿಸಿದರು, ಹೆಸರು ಬಾಯಿಗೆ ಬರಲಿಲ್ಲ. “ಅದೇನ್ ಅಂದ್ನೋ ಕಾಣೆ ಕನ್ ಮಗ” ಎಂದರು. ಸಂದರ್ಭದಿಂದ ಊಹಿಸಿ ಒಂದು ಪದವನ್ನು ಅಲ್ಲಿ ಬರೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಪ್ರತಿಯಲ್ಲಿ ಆ ಜಾಗದಲ್ಲಿ ಚೌಕ ಕಂಸದೊಳಗೆ ‘ಅಸ್ಪಷ್ಟ, ಕೋಳಿಯ ಕೂಗು’ ಎಂದಿದೆ. ಆ ಕಡೆಯ ಹಿರಿಯರು ಯಾರಾದರೂ ಈ ಭಾಷಣವನ್ನು ಕೇಳುತ್ತಿದ್ದು, ಹೊಗೆಸೊಪ್ಪಿನ ಕಡ್ಡಿಗೆ ಹಾಕುತ್ತಿದ್ದ ಹಳೆಯ ಗಂಟುಗಳ ಹೆಸರುಗಳು ನೆನಪಿದ್ದರೆ, ಮನೆಯ ಮಕ್ಕಳಿಂದ ಒಂದು ಕಾಗದದಲ್ಲಿ ಬರೆಯಿಸಿ ಈ ಬಾನುಲಿ ನಿಲಯಕ್ಕೆ ಕಳುಹಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನೀವು ಹೇಳುವ ಹಾಗೆಯೇ ಬರೆಯಿಸಿ.